ತೆರೆಯಲೊಲ್ಲದ ಪುಟ, ಕಾಯಲೊಲ್ಲದ ಗಿರಾಕಿ

ಇಳಕಲ್ ಸೀರೆ ಮಾರುವ ಒಂದು ಸಣ್ಣ ಅಂಗಡಿಯ ಜಾಲತಾಣ. ಪುಣೆಯಿಂದಲೋ ಹೈದರಾಬಾದಿನಿಂದಲೋ ಫೋನ್ ಮಾಡುವ ಗಿರಾಕಿಗಳು ಮೊದಲು ಹೇಳುವುದೇ ಇದನ್ನು: ನಿಮ್ಮ ಸೈಟ್ ತೆರೆಯುವುದೇ ಇಲ್ಲ, ವಾಟ್ಸಾಪಿನಲ್ಲಿ ಫೋಟೊ ಕಳಿಸಿಬಿಡಿ. ಅಂಗಡಿಯವರಿಗೆ ಇದು ಅರ್ಥವಾಗುವುದಿಲ್ಲ. "ನಮ್ಮ ಫೋನಿನ್ಯಾಗ ಲಗೂನ ತಗೀತೈತಲ್ರೀ" ಅನ್ನುತ್ತಾರೆ.

ಅವರ ಮಾತೂ ಸುಳ್ಳಲ್ಲ. ಒಮ್ಮೆ ತೆರೆದ ಪುಟದ ಫೋಟೊಗಳನ್ನು ಬ್ರೌಸರ್ ತನ್ನಲ್ಲೇ ಉಳಿಸಿಕೊಂಡಿರುತ್ತದೆ. ದಿನವೂ ತಮ್ಮದೇ ತಾಣ ನೋಡುವ ಮಾಲೀಕರಿಗೆ ಅವೇ ಹಳೆಯ ಪ್ರತಿಗಳು ತಟ್ಟನೆ ಕಾಣುತ್ತವೆ. ಜತೆಗೆ ಅಂಗಡಿಯಲ್ಲಿ ವೈಫೈ ಇದೆ. ಮೊದಲ ಸಲ ಬರುವ, ರೈಲಿನಲ್ಲೋ ಸಂತೆಯಲ್ಲೋ ಕೂತ ಗಿರಾಕಿಗೆ ಇವೆರಡೂ ಇಲ್ಲ. ಅವರು ಕಾಣುವುದನ್ನು ನಾವೂ ಕಾಣಬೇಕಾದರೆ ವೈಫೈ ಆರಿಸಿ, ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ನಮ್ಮ ವಿಳಾಸ ಹಾಕಿ ನೋಡಬೇಕು. ಅಷ್ಟು ಮಾಡಿದರೆ ಎಷ್ಟೋ ಮಾಲೀಕರ ಸಂಶಯ ಅಲ್ಲೇ ತೀರುತ್ತದೆ.

ಆಮೇಲೆ ಅಳತೆ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಉಚಿತ ಸೇವೆ `pagespeed.web.dev` ವಿಳಾಸದಲ್ಲಿದೆ. ನಮ್ಮ ಪುಟದ ವಿಳಾಸ ಕೊಟ್ಟರೆ ಅದು ಸಾಧಾರಣ ಮೊಬೈಲು, ನಿಧಾನದ 4ಜಿ ಸಂಪರ್ಕ ಇದ್ದರೆ ಹೇಗೋ ಹಾಗೆ ಪುಟವನ್ನು ತೆರೆದು ನೋಡುತ್ತದೆ. ಆ ನಿಧಾನದ ಸಂಪರ್ಕದ ವೇಗ ಸೆಕೆಂಡಿಗೆ 1.6 ಮೆಗಾಬಿಟ್. ನಮಗೆ ತಿಳಿಯುವ ಲೆಕ್ಕದಲ್ಲಿ ಹೇಳಿದರೆ ಸೆಕೆಂಡಿಗೆ 200 ಕೆಬಿ. ವರದಿಯಲ್ಲಿ ಹತ್ತಾರು ಅಂಕಿಗಳು ಬರುತ್ತವೆ. ಅವುಗಳಲ್ಲಿ ಮೊದಲು ನೋಡಬೇಕಾದ್ದು LCP ಎಂಬ ಒಂದನ್ನು. ಪರದೆಯ ಮೇಲೆ ಮೊದಲು ಕಾಣುವ ಭಾಗದಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೋ, ಅದು ಮೂಡಲು ಎಷ್ಟು ಹೊತ್ತು ಹಿಡಿಯಿತು ಎಂಬುದೇ ಈ ಅಂಕಿ. ಎರಡೂವರೆ ಸೆಕೆಂಡಿನೊಳಗೆ ಇದ್ದರೆ ಚೆನ್ನ, ನಾಲ್ಕು ದಾಟಿದರೆ ಕಳಪೆ ಎಂದು ಗೂಗಲ್ ಗೆರೆ ಎಳೆದಿದೆ.

ಸೀರೆ ಅಂಗಡಿಯ ಪುಟದಲ್ಲಿ ಆ ದೊಡ್ಡ ವಸ್ತು, ಮೇಲ್ಗಡೆ ಅಗಲಕ್ಕೆ ಹರಡಿದ ಸೆರಗಿನ ಫೋಟೊ. ಫೋನಿನಲ್ಲಿ ತೆಗೆದದ್ದು, ಚೆನ್ನಾಗಿಯೇ ಬಂದಿದೆ. ತೂಕ 4.8 ಎಂಬಿ. ಸೆಕೆಂಡಿಗೆ 200 ಕೆಬಿಯಂತೆ ಇಳಿದರೆ ಇದೊಂದಕ್ಕೇ 24 ಸೆಕೆಂಡು ಬೇಕು. ಅದೂ ದಾರಿಯಲ್ಲಿ ಬೇರೇನೂ ಇಲ್ಲದಿದ್ದರೆ. ಇಲ್ಲಿ ಅದರ ಹಿಂದೆ ಸ್ಲೈಡರಿನ ಇನ್ನೆರಡು ಅಂಥವೇ ಫೋಟೊಗಳು, ಕೆಳಗೆ ಒಂದೊಂದು ಒಂದೂವರೆ ಎಂಬಿ ತೂಗುವ ಹನ್ನೆರಡು ಸೀರೆಗಳು. ಒಟ್ಟು 32 ಎಂಬಿಯ ಆಸುಪಾಸು.

ಇಷ್ಟು ತೂಕ ಯಾಕೆ? ಇಂದಿನ ಫೋನಿನ ಕ್ಯಾಮೆರಾ 4000 ಅಗಲ, 3000 ಎತ್ತರದ ಫೋಟೊ ಕೊಡುತ್ತದೆ. ಅಂದರೆ 1 ಕೋಟಿ 20 ಲಕ್ಷ ಪಿಕ್ಸೆಲ್, ಅಂದರೆ ಅಷ್ಟು ಬಣ್ಣದ ಚುಕ್ಕಿಗಳು. ಗಿರಾಕಿಯ ಮೊಬೈಲಿನ ಪರದೆಯೋ, ಸಾಮಾನ್ಯವಾಗಿ 1080 ಪಿಕ್ಸೆಲ್ ಅಗಲ. ಪೂರ್ತಿ ಫೋಟೊವನ್ನು ಇಳಿಸಿಕೊಂಡ ಬ್ರೌಸರ್ ಅದನ್ನು ಕುಗ್ಗಿಸಿ ಆ ಅಗಲಕ್ಕೆ ಕೂರಿಸುತ್ತದೆ. ಉಳಿದ ಚುಕ್ಕಿಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ಫೋಟೊವನ್ನು ನಾವೇ ಮುಂಚಿತವಾಗಿ 1200 ಅಗಲ, 900 ಎತ್ತರಕ್ಕೆ ಇಳಿಸಿದರೆ ಚುಕ್ಕಿಗಳು 10 ಲಕ್ಷ 80 ಸಾವಿರಕ್ಕೆ ಬರುತ್ತವೆ, ಹನ್ನೊಂದರಲ್ಲಿ ಒಂದು ಪಾಲು. ಪರದೆಯಲ್ಲಿ ನೋಡುವವರಿಗೆ ಏನೂ ಕಡಿಮೆಯಾಗಿರುವುದಿಲ್ಲ.

ಆದ್ದರಿಂದ ಮೊದಲು ಅಳತೆ ಇಳಿಸಬೇಕು, ಆಮೇಲೆ ಹಿಂಡಬೇಕು. ಈ ಅನುಕ್ರಮ ತಪ್ಪಿಸುವವರೇ ಹೆಚ್ಚು. 4000 ಅಗಲವನ್ನು ಹಾಗೇ ಇಟ್ಟುಕೊಂಡು ಗುಣಮಟ್ಟದ ಅಂಕಿಯನ್ನು 30ಕ್ಕೋ 40ಕ್ಕೋ ತಳ್ಳುತ್ತಾರೆ. ಆಗ ತೂಕ ಅರೆಬರೆ ಇಳಿದು, ಸೀರೆಯ ಮೈಮೇಲೆ ಚೌಕ ಚೌಕದ ಕಲೆಗಳು ಏಳುತ್ತವೆ. ಅಳತೆ ಸರಿಯಾದ ಮೇಲೆ ಗುಣಮಟ್ಟ 75ರಿಂದ 80ರ ನಡುವೆ ಇದ್ದರೆ ಬಹುಪಾಲು ಫೋಟೊಗಳಿಗೆ ಸಾಕು. ಜೆಪೆಗ್ ಬದಲು ವೆಬ್‌ಪಿ ಎಂಬ ಬಗೆಯಲ್ಲಿ ಉಳಿಸಿದರೆ ಇನ್ನಷ್ಟು ಉಳಿತಾಯ. ಅದು ಜೆಪೆಗ್‌ಗಿಂತ 25ರಿಂದ 34ರಷ್ಟು ಪ್ರತಿಶತ ಹಗುರ ಎನ್ನುವುದು ಅದನ್ನು ರೂಪಿಸಿದ ಗೂಗಲ್ ಕೊಟ್ಟ ಅಂದಾಜು. 2020ರಲ್ಲಿ ಆಪಲ್‌ನ ಸಫಾರಿಯೂ ವೆಬ್‌ಪಿಯನ್ನು ಒಪ್ಪಿಕೊಂಡಿತು. ಹಾಗಾಗಿ ಈಗ ಅದನ್ನು ಬಳಸಲು ಹಿಂಜರಿಯಬೇಕಾದ ಕಾರಣವಿಲ್ಲ.

ಒಂದೆರಡು ಫೋಟೊಗಳಿಗಾದರೆ `squoosh.app` ತಾಣವೇ ಸಾಕು. ಎಡಕ್ಕೆ ಮೂಲ ಫೋಟೊ, ಬಲಕ್ಕೆ ಹಿಂಡಿದ್ದು, ನಡುವೆ ಸರಿಸುವ ಗೆರೆ. ಕೆಲಸವೆಲ್ಲ ನಮ್ಮ ಕಂಪ್ಯೂಟರಿನ ಬ್ರೌಸರಿನಲ್ಲೇ ನಡೆಯುತ್ತದೆ, ಫೋಟೊ ಇನ್ನೊಬ್ಬರ ಸರ್ವರಿಗೆ ಹೋಗುವುದಿಲ್ಲ. ಫೋಟೊಗಳು ಬಹಳ ಇದ್ದರೆ `cwebp` ಎಂಬ ಉಪಕರಣವಿದೆ:

```
cwebp -q 78 -resize 1200 0 -sharp_yuv seragu.jpg -o seragu-1200.webp
```

ಇಲ್ಲಿ 1200 ಎಂಬುದು ಅಗಲ. ಮುಂದಿನ ಸೊನ್ನೆ, ಎತ್ತರವನ್ನು ಅದಕ್ಕೆ ತಕ್ಕಂತೆ ನೀನೇ ಲೆಕ್ಕ ಹಾಕು ಎಂಬ ಸೂಚನೆ. ಸೆರಗಿನ ಫೋಟೊ ಇದರಿಂದ 170 ಕೆಬಿಗೆ ಬಂತು. 24 ಸೆಕೆಂಡು ಬೇಡುತ್ತಿದ್ದದ್ದು ಈಗ ಒಂದು ಸೆಕೆಂಡಿಗೂ ಕಡಿಮೆ ಬೇಡುತ್ತದೆ.

ಸಾಲಿನಲ್ಲಿರುವ `-sharp_yuv` ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸೀರೆ ಮಾರುವವರಿಗೆ ಅದು ಮುಖ್ಯ. ಫೋಟೊ ಹಿಂಡುವಾಗ ಹೆಚ್ಚಿನ ಉಪಕರಣಗಳು ಪ್ರತಿ ಚುಕ್ಕಿಯ ಬೆಳಕನ್ನು ಬೇರೆಬೇರೆಯಾಗಿ ಬರೆದಿಡುತ್ತವೆ, ಆದರೆ ಬಣ್ಣವನ್ನು ನಾಲ್ಕು ಚುಕ್ಕಿಗೆ ಒಂದರಂತೆ ಬರೆಯುತ್ತವೆ. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸ ಹಿಡಿದಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸ ಹಿಡಿಯದು. ಹಾಗಾಗಿ ಮುಖ, ಮರ, ಕಟ್ಟಡದ ಫೋಟೊಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ಇಳಕಲ್ಲಿನ ಟೋಪ್ ತೆನಿ ಸೆರಗಿನಲ್ಲಿ ಹಾಗಲ್ಲ. ಅಲ್ಲಿ ಕಡುಗೆಂಪಿನ ನಡುವೆ ಬಿಳಿಯ ಸಣ್ಣ ಹಲ್ಲುಗಳಂಥ ಅಂಚು ಬರುತ್ತದೆ. ನಾಲ್ಕು ಚುಕ್ಕಿಗೆ ಒಂದೇ ಬಣ್ಣವಾದಾಗ ಕೆಂಪು ಬಿಳಿಯೊಳಗೆ ಇಳಿದು, ಬಿಳಿ ಗುಲಾಬಿಯಾಗಿ, ಹಲ್ಲಿನ ಮೊನೆ ಮೊಂಡಾಗುತ್ತದೆ. ನೇಯ್ದವರ ಕೈಗೆಲಸವೇ ಮಸುಕಾದಂತೆ. ಬಣ್ಣದ ಈ ಸರಾಸರಿಯನ್ನು ಹೆಚ್ಚು ಎಚ್ಚರದಿಂದ ಮಾಡು ಎಂದು `-sharp_yuv` ಹೇಳುತ್ತದೆ. ಅಷ್ಟಾಗಿಯೂ ಅಂಚು ಮಸುಕಾಗಿ ಕಂಡರೆ, ಸೆರಗಿನ ಹತ್ತಿರದ ಒಂದೆರಡು ಫೋಟೊಗಳನ್ನು ಮಾತ್ರ ಜೆಪೆಗ್‌ನಲ್ಲೇ ಇಟ್ಟು, ಪ್ರತಿ ಚುಕ್ಕಿಗೂ ಬಣ್ಣ ಬರೆಯುವ 4:4:4 ಆಯ್ಕೆಯಲ್ಲಿ ಉಳಿಸಬಹುದು. ತೂಕ ತುಸು ಏರುತ್ತದೆ. ಏರಲಿ. ಗಿರಾಕಿ ದುಡ್ಡು ಕೊಡುವುದು ಆ ಅಂಚಿಗೆ.

ಬಣ್ಣದ ಇನ್ನೊಂದು ತೊಡಕು ಐಫೋನಿನಲ್ಲಿ ತೆಗೆದ ಫೋಟೊಗಳದು. ಅವುಗಳ ಜತೆಗೆ ಡಿಸ್‌ಪ್ಲೇ ಪಿ3 ಎಂಬ ಬಣ್ಣದ ಪಟ್ಟಿ ಅಂಟಿಕೊಂಡಿರುತ್ತದೆ. ಫೋಟೊದಲ್ಲಿರುವ ಅಂಕಿಗಳನ್ನು ಯಾವ ಬಣ್ಣವೆಂದು ಓದಬೇಕು ಎಂದು ಅದು ತಿಳಿಸುತ್ತದೆ. ಮೇಲಿನ `cwebp` ತಾನಾಗಿಯೇ ಇಂಥ ಹೆಚ್ಚುವರಿ ಮಾಹಿತಿಯನ್ನೆಲ್ಲ ಕಿತ್ತುಹಾಕುತ್ತದೆ. ಪಟ್ಟಿ ಹೋದರೆ ಬ್ರೌಸರ್ ಆ ಅಂಕಿಗಳನ್ನು ಸಾಮಾನ್ಯ ಎಸ್‌ಆರ್‌ಜಿಬಿ ಲೆಕ್ಕದಲ್ಲಿ ಓದಿ, ಕೆಂಪನ್ನು ಸಪ್ಪೆ ಮಾಡಿ ತೋರಿಸುತ್ತದೆ. ಹಿಂಡುವ ಮೊದಲೇ ಫೋಟೊ ತಿದ್ದುವ ತಂತ್ರಾಂಶದಲ್ಲಿ ಎಸ್‌ಆರ್‌ಜಿಬಿಗೆ ಬದಲಾಯಿಸಿ ಉಳಿಸಿದರೆ ಈ ತೊಂದರೆಯಿಲ್ಲ. ಫೋನನ್ನು ನಿಲ್ಲಿಸಿ ಹಿಡಿದು ತೆಗೆದ ಫೋಟೊ ಅಡ್ಡ ಮಲಗಿಬಿಡುವುದೂ ಇದೇ ಕಾರಣಕ್ಕೆ: ಯಾವ ಕಡೆ ಮೇಲು ಎಂಬ ಟಿಪ್ಪಣಿಯೂ ಆ ಮಾಹಿತಿಯ ಜತೆಗೇ ಹೋಗಿರುತ್ತದೆ. ಉಳಿಸುವಾಗಲೇ ತಿರುಗಿಸಿಟ್ಟುಕೊಳ್ಳಬೇಕು. ಕಡೆಗೆ, ಹಿಂಡಿದ ಫೋಟೊವನ್ನು ಬೇರೆ ಎರಡು ಫೋನುಗಳಲ್ಲಿ ತೆರೆದು, ಹಗಲ ಬೆಳಕಿನಲ್ಲಿ ನಿಜವಾದ ಸೀರೆಯ ಪಕ್ಕ ಹಿಡಿದು ನೋಡಿ. ತೂಕಕ್ಕೆ ಒಂದೇ ಮಿತಿ ಹಾಕಿ ಎಲ್ಲ ಫೋಟೊಗಳನ್ನೂ ಅದಕ್ಕೆ ಬಗ್ಗಿಸುವುದು ಬೇಡ. ಒತ್ತೊತ್ತಾಗಿ ಕಸೂತಿ ಹಾಕಿದ ಸೀರೆ ಬೋಳು ಮೈಯ ಸೀರೆಯಷ್ಟು ಹಗುರಾಗಲಾರದು.

ಹಗುರಾದ ಫೋಟೊವನ್ನು ಪುಟದಲ್ಲಿ ಕೂರಿಸುವ ಬಗೆಯಲ್ಲೂ ಲಾಭ ನಷ್ಟವಿದೆ. ಮೇಲ್ಗಡೆಯ ಸೆರಗಿನ ಫೋಟೊಗೆ ಹೀಗೆ ಬರೆದರಾಯಿತು:

```
<img src="seragu-1200.webp"
     srcset="seragu-600.webp 600w, seragu-1200.webp 1200w"
     sizes="100vw" width="1200" height="900"
     fetchpriority="high" alt="ಕೆಂಪು ಟೋಪ್ ತೆನಿ ಸೆರಗು">
```

ಎರಡು ಅಳತೆಗಳನ್ನು ಕೊಟ್ಟಿದ್ದೇವೆ, ಪರದೆಗೆ ತಕ್ಕದ್ದನ್ನು ಬ್ರೌಸರೇ ಆರಿಸಿಕೊಳ್ಳುತ್ತದೆ. ಅಗಲ ಎತ್ತರ ಬರೆದಿರುವುದರಿಂದ ಫೋಟೊ ಬರುವ ಮೊದಲೇ ಅದಕ್ಕೆ ಜಾಗ ಕಾದಿಟ್ಟಿರುತ್ತದೆ. ಇಲ್ಲದಿದ್ದರೆ ಗಿರಾಕಿ ಬೆಲೆ ಓದುತ್ತಿರುವಾಗ ಪುಟ ಧಡಕ್ಕನೆ ಕೆಳಗೆ ಸರಿದು, ಬೆರಳು ಬೇರೆಲ್ಲೋ ತಗಲುತ್ತದೆ. ಕೆಳಗಿನ ಹನ್ನೆರಡು ಸೀರೆಗಳು ಮೊಬೈಲಿನಲ್ಲಿ ಸಾಲಿಗೆ ಎರಡರಂತೆ ಕಾಣುತ್ತವೆ. ಅವಕ್ಕೆ 600 ಅಗಲ ಧಾರಾಳ. ಅವು ಒಂದೊಂದೂ 60 ಕೆಬಿ ಆಸುಪಾಸಿಗೆ ಇಳಿದವು. ಅವುಗಳಿಗೆ `loading="lazy"` ಎಂದು ಸೇರಿಸಿದರೆ ಗಿರಾಕಿ ಕೆಳಗೆ ಸರಿಸುತ್ತ ಹತ್ತಿರ ಬಂದಾಗ ಮಾತ್ರ ಇಳಿಯುತ್ತವೆ. ಇದನ್ನೇ ಅತಿಯಾಸೆಯಿಂದ ಮೇಲಿನ ಫೋಟೊಗೂ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಮೊದಲು ಕಾಣಬೇಕಾದ್ದೇ ತಡವಾಗಿ, LCP ಏರುತ್ತದೆ.

ಸ್ಲೈಡರ್ ತೆಗೆದುಹಾಕಿ ಎಂಬುದು ನನ್ನ ಖಚಿತ ಸಲಹೆ. ಮೂರು ಫೋಟೊ ತರಿಸಿ ಒಂದನ್ನು ತೋರಿಸುವುದಕ್ಕೆ ಬದಲು, ಒಳ್ಳೆಯದೊಂದನ್ನು ಆರಿಸಿ ನಿಲ್ಲಿಸುವುದು ಮೇಲು. ಅಂಗಡಿಯವರು ಒಪ್ಪಿದರು. ಸ್ಲೈಡರಿನ ಜತೆಗೆ ಅದಕ್ಕೆಂದೇ ಇದ್ದ ಒಂದು ಸ್ಕ್ರಿಪ್ಟೂ ಹೋಯಿತು.

ಫೋಟೊಗಳು ಹಗುರಾದರೂ ಪುಟ ಇನ್ನೂ ಮೂರು ಸೆಕೆಂಡು ಬಿಳಿಯಾಗಿಯೇ ನಿಲ್ಲುತ್ತಿತ್ತು. ಇದು ಸ್ಕ್ರಿಪ್ಟುಗಳ ಕೆಲಸ. ಪುಟದಲ್ಲಿ ಚಲನೆ, ಮೆನು, ಚಾಟ್ ಪೆಟ್ಟಿಗೆ, ಬಂದವರ ಎಣಿಕೆ ಮುಂತಾದವನ್ನು ನಡೆಸುವ ಜಾವಾಸ್ಕ್ರಿಪ್ಟ್ ಕಡತಗಳಿವು. ಬ್ರೌಸರ್ ಪುಟವನ್ನು ಮೇಲಿಂದ ಕೆಳಕ್ಕೆ ಓದುತ್ತ ಬರುತ್ತದೆ. ನಡುವೆ ಸ್ಕ್ರಿಪ್ಟ್ ಸಿಕ್ಕರೆ ಓದುವುದನ್ನು ನಿಲ್ಲಿಸಿ, ಅದನ್ನು ತರಿಸಿ, ನಡೆಸಿ, ಆಮೇಲಷ್ಟೇ ಮುಂದೆ ಹೋಗುತ್ತದೆ. ಪುಟದಲ್ಲಿ ಇನ್ನೇನಾದರೂ ಬರೆಯುವ ಅಧಿಕಾರ ಆ ಸ್ಕ್ರಿಪ್ಟಿಗೆ ಇರುವುದರಿಂದ ಅದನ್ನು ದಾಟಿ ಹೋಗುವಂತಿಲ್ಲ. ಯಾವುದೋ ಪಾರ್ಸೆಲ್ ಬರಬೇಕೆಂದು ಪ್ರಯಾಣಿಕರು ತುಂಬಿದ ಬಸ್ಸನ್ನು ನಿಲ್ದಾಣದಲ್ಲೇ ನಿಲ್ಲಿಸಿಕೊಂಡ ಹಾಗೆ. ಸೀರೆ ಅಂಗಡಿಯ ಪುಟದ ತಲೆಯಲ್ಲಿ ಇಂಥವು ಸಾಲಾಗಿದ್ದವು: ಜೆಕ್ವೆರಿ, ಮೆನು, ಚಾಟ್, ಎಣಿಕೆ, ಜಾಹೀರಾತಿನ ಜಾಡು ಹಿಡಿಯುವುದೊಂದು. ಸೀರೆ ತೋರಿಸಲು ಇವುಗಳಲ್ಲಿ ಒಂದೂ ಬೇಕಿಲ್ಲ.

ಪರಿಹಾರ ಒಂದೇ ಪದದ್ದು:

```
<script src="/js/jquery.min.js" defer></script>
<script src="/js/menu.js" defer></script>
```

`defer` ಎಂದರೆ, ಕಡತವನ್ನು ಹಿನ್ನೆಲೆಯಲ್ಲಿ ತರಿಸಿಕೋ, ಪುಟ ಪೂರ್ತಿ ಓದಿಯಾದ ಮೇಲೆ ನಡೆಸು ಎಂದು. ಹೀಗೆ ಮುಂದೂಡಿದವು ಬರೆದ ಸರದಿಯಲ್ಲೇ ನಡೆಯುತ್ತವೆ. ಜೆಕ್ವೆರಿಯನ್ನು ನಂಬಿದ ಮೆನು ಅದರ ನಂತರವೇ ಬರಬೇಕಾದ್ದರಿಂದ ಈ ಸರದಿ ಬೇಕು. `async` ಎಂಬ ಇನ್ನೊಂದು ಪದವಿದೆ. ಅದನ್ನು ಹಾಕಿದರೆ ಯಾವುದು ಮೊದಲು ಬಂತೋ ಅದು ಮೊದಲು ನಡೆಯುತ್ತದೆ. ಯಾರನ್ನೂ ನೆಚ್ಚಿಕೊಳ್ಳದ ಎಣಿಕೆಯ ಸ್ಕ್ರಿಪ್ಟಿಗೆ ಅದು ಸರಿ, ಮೆನುವಿಗೆ ಅಲ್ಲ.

ಈ ಬದಲಾವಣೆ ಮಾಡಿದ ಕೂಡಲೇ ಅಂಗಡಿಯ ಪುಟ ಬೇಗ ಮೂಡಿತು, ಆದರೆ ಮೆನು ಒತ್ತಿದರೆ ತೆರೆಯಲಿಲ್ಲ. ಇಂಥ ಹೊತ್ತಿನಲ್ಲಿ ಊಹೆ ಮಾಡುತ್ತ ಕೂರುವ ಬದಲು ಕಂಪ್ಯೂಟರಿನಲ್ಲಿ F12 ಒತ್ತಿ, Console ಎಂಬ ಭಾಗ ನೋಡಬೇಕು. ಅಲ್ಲಿ ಕೆಂಪಕ್ಷರದಲ್ಲಿ ಹೀಗಿತ್ತು:

```
Uncaught ReferenceError: $ is not defined
```

ಜೆಕ್ವೆರಿಯನ್ನು ಬಳಸುವ ನಾಲ್ಕು ಸಾಲುಗಳನ್ನು ಯಾರೋ ಪುಟದ ನಡುವೆಯೇ ನೇರವಾಗಿ ಬರೆದಿದ್ದರು. ಪ್ರತ್ಯೇಕ ಕಡತದಲ್ಲಿ ಇಲ್ಲದ ಅಂಥ ಸಾಲುಗಳಿಗೆ `defer` ಅನ್ವಯಿಸುವುದಿಲ್ಲ. ಅವು ತಕ್ಷಣ ನಡೆಯುತ್ತವೆ. ಜೆಕ್ವೆರಿ ಈಗ ತಡವಾಗಿ ನಡೆಯುವುದರಿಂದ ಅವಕ್ಕೆ ಆಧಾರ ಸಿಗಲಿಲ್ಲ. ಆ ಸಾಲುಗಳನ್ನು `menu.js` ಕಡತದೊಳಕ್ಕೆ ಸಾಗಿಸಿದ ಮೇಲೆ ಮೆನು ಮೊದಲಿನಂತಾಯಿತು. ಸ್ಕ್ರಿಪ್ಟ್ ಮುಂದೂಡಿ ಪುಟ ಕೆಟ್ಟಿತೆಂದು ಹೇಳುವವರಲ್ಲಿ ಬಹಳ ಮಂದಿಗೆ ಆಗಿರುವುದು ಇದೇ.

ಚಾಟ್ ಪೆಟ್ಟಿಗೆಯನ್ನು ಮುಂದೂಡುವ ಗೊಡವೆಗೇ ಹೋಗಲಿಲ್ಲ. ಗಿರಾಕಿಗಳು ಹೇಗೂ ವಾಟ್ಸಾಪಿಗೇ ಬರುತ್ತಾರೆ. ಅದರ ಬದಲು `https://wa.me/` ಮುಂದೆ 91 ಸೇರಿಸಿ ಅಂಗಡಿಯ ಫೋನ್ ಸಂಖ್ಯೆ ಹಾಕಿದ ಸಾದಾ ಕೊಂಡಿ ಕೊಟ್ಟರಾಯಿತು. ಅದಕ್ಕೆ ಸ್ಕ್ರಿಪ್ಟೇ ಬೇಡ. ಅಂಗಡಿಯ ದಾರಿ ತೋರಿಸುವ ನಕ್ಷೆ ಪುಟದ ತಳದಲ್ಲಿದೆ. ಅದರ `iframe`ಗೂ `loading="lazy"` ಹಾಕಿದ್ದಾಯಿತು. ಹಣ ಪಾವತಿಯ ಪುಟವನ್ನು ಮಾತ್ರ ಕೈಹಾಕದೆ ಬಿಟ್ಟೆವು. ಅಲ್ಲಿ ಅರ್ಧ ಸೆಕೆಂಡು ಉಳಿಸಲು ಹೋಗಿ ಪಾವತಿಯ ಗುಂಡಿ ಕೆಲಸ ಮಾಡದಿದ್ದರೆ ಉಳಿಸಿದ್ದಕ್ಕೆ ಅರ್ಥವಿಲ್ಲ. ಕೆಲಸ ಮುಗಿದ ಮೇಲೆ ಒಂದು ಸೀರೆಯನ್ನು ಮೊದಲಿನಿಂದ ಕಡೆಯವರೆಗೆ ನಾವೇ ಕೊಂಡು ನೋಡಬೇಕು.

ವರ್ಡ್‌ಪ್ರೆಸ್ಸಿನಲ್ಲಿ ತಾಣ ಕಟ್ಟಿಕೊಂಡವರಿಗೆ ಇವುಗಳಲ್ಲಿ ಕೆಲವು ತಾವಾಗಿಯೇ ಸಿಗುತ್ತವೆ. ಏರಿಸಿದ ಫೋಟೊದ ಬೇರೆಬೇರೆ ಅಳತೆಗಳನ್ನು ಅದೇ ತಯಾರಿಸಿಕೊಳ್ಳುತ್ತದೆ, 2020ರಿಂದ ಕೆಳಗಿನ ಫೋಟೊಗಳನ್ನು ತಡವಾಗಿ ಇಳಿಸುವುದೂ ಇದೆ. ಆದರೆ ಪೇಜ್ ಬಿಲ್ಡರಿನಲ್ಲಿ ಹಿನ್ನೆಲೆಯಾಗಿ ಹಾಕಿದ ಚಿತ್ರಕ್ಕೆ ಈ ಸೌಲಭ್ಯ ತಲುಪುವುದಿಲ್ಲ. ಮೇಲ್ಗಡೆಯ ದೊಡ್ಡ ಚಿತ್ರ ಬಹಳ ಸಲ ಹಿನ್ನೆಲೆಯಾಗಿಯೇ ಇರುತ್ತದೆ. ಎಲ್ಲ ಸ್ಕ್ರಿಪ್ಟುಗಳನ್ನೂ ಒಂದೇ ಏಟಿಗೆ ಮುಂದೂಡುವ ಪ್ಲಗಿನ್ನುಗಳೂ ಇವೆ. ಅವನ್ನು ಬಳಸುವುದಾದರೆ ಒಂದೊಂದೇ ಆಯ್ಕೆ ತೆರೆದು, ಪ್ರತಿ ಸಲವೂ ಮೆನು ಮತ್ತು ಆರ್ಡರ್ ಪರೀಕ್ಷಿಸಿ. ಒಂದೇ ಕೆಲಸಕ್ಕೆ ಎರಡು ಪ್ಲಗಿನ್ ಹಾಕಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಪುಟ ನಿಧಾನವೇ ಆದರೆ ಕಾರಣ ಪುಟದಲ್ಲಿಲ್ಲ, ಸರ್ವರಿನಲ್ಲಿದೆ. ವರದಿಯಲ್ಲಿ TTFB ಎಂಬ ಅಂಕಿ, ಸರ್ವರಿನಿಂದ ಮೊದಲ ತುಣುಕು ಬರಲು ಹಿಡಿದ ಹೊತ್ತನ್ನು ಹೇಳುತ್ತದೆ. ಅದು 0.8 ಸೆಕೆಂಡಿನೊಳಗೆ ಇರಬೇಕು. ಎರಡು ಸೆಕೆಂಡು ಮೀರುತ್ತಿದ್ದರೆ ಫೋಟೊವನ್ನು ಎಷ್ಟು ಹಿಂಡಿದರೂ ಆ ಎರಡು ಸೆಕೆಂಡು ಹಾಗೇ ಉಳಿಯುತ್ತದೆ. ಹೋಸ್ಟಿಂಗ್ ಕೊಟ್ಟವರನ್ನು ಕೇಳಬೇಕು, ಇಲ್ಲವೇ ಬದಲಾಯಿಸಬೇಕು. ಸೀರೆ ಅಂಗಡಿಯ ಸರ್ವರಿನಲ್ಲಿ ಆ ದೋಷವಿರಲಿಲ್ಲ. LCP ಎರಡೂವರೆ ಸೆಕೆಂಡಿನೊಳಗೆ ಬಂತು.

ಅಂಕಿ ಓದುವವರಿಗೆ ಇನ್ನೊಂದು ಮಾತು. ಒಂದೇ ಪುಟವನ್ನು ಬೆನ್ನುಬೆನ್ನಿಗೆ ಅಳೆದರೂ ಅಂಕಗಳು ಏರಿಳಿಯುತ್ತವೆ. ಮೂರು ಸಲ ಅಳೆದು ನಡುವಿನದನ್ನು ಹಿಡಿಯಿರಿ. ವರದಿಯ ಮೇಲ್ಭಾಗದಲ್ಲಿ ನಿಜವಾದ ಬಳಕೆದಾರರ ಅನುಭವ ಎಂದು ಬರುವ ಭಾಗ ಕಳೆದ 28 ದಿನಗಳದ್ದು. ಇವತ್ತು ತಿದ್ದಿದ್ದು ಅಲ್ಲಿ ನಾಳೆಯೇ ಕಾಣುವುದಿಲ್ಲ. ಗಿರಾಕಿಗಳ ಸಂಖ್ಯೆ ಕಡಿಮೆ ಇರುವ ತಾಣಗಳಿಗೆ ಆ ಭಾಗ ಖಾಲಿಯಾಗಿಯೇ ಇರುತ್ತದೆ. ಅದರಲ್ಲಿ ಆತಂಕಪಡುವಂಥದ್ದೇನಿಲ್ಲ.

ಒಮ್ಮೆ ಸರಿಯಾದ ತಾಣ ಮತ್ತೆ ನಿಧಾನವಾಗುವುದು ಹೊಸ ಸರಕು ಬಂದಾಗ. ದಸರೆಗೆ ಮೂವತ್ತು ಹೊಸ ಸೀರೆ ಬರುತ್ತವೆ, ಅಂಗಡಿಯ ಹುಡುಗ ಫೋನಿನಿಂದ ಫೋಟೊಗಳನ್ನು ನೇರವಾಗಿ ಏರಿಸುತ್ತಾನೆ, ಪುಟ ಮೊದಲಿನ ತೂಕಕ್ಕೆ ಮರಳುತ್ತದೆ. ಆದ್ದರಿಂದ ಈ ವಿದ್ಯೆ ತಾಣ ಕಟ್ಟಿದವರಲ್ಲಿ ಇದ್ದರೆ ಸಾಲದು, ಫೋಟೊ ಏರಿಸುವವರ ಕೈಯಲ್ಲಿ ಇರಬೇಕು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಳತೆ ಇಳಿಸುವುದನ್ನೂ ಹಿಂಡುವುದನ್ನೂ ಕಲಿಸಿ. ಮೂಲ ಫೋಟೊಗಳನ್ನು ಮಾತ್ರ ಅಳಿಸದೆ ಬೇರೆ ಕಡೆ ಜೋಪಾನವಾಗಿಡಿ. ಹಿಂಡಿದ್ದನ್ನೇ ಮತ್ತೆ ಹಿಂಡಿದರೆ ಪ್ರತಿ ಸಲವೂ ಅಷ್ಟಷ್ಟು ವಿವರ ಹೋಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ.